ಆಸ್ತಿ ತೆರಿಗೆ ನೋಟಿಸು: ಮೊಬೈಲ್ ಚಿತ್ರ ನೋಡಿ ಲೆಕ್ಕ ಪರಿಶೀಲಿಸುವುದು ಹೇಗೆ?

ಕೊಳ್ಳೇಗಾಲ: ಏಪ್ರಿಲ್ ತಿಂಗಳು ಬಂತೆಂದರೆ ಕೊಳ್ಳೇಗಾಲ, ಹನೂರು ಹಾಗೂ ಯಳಂದೂರು ಪಟ್ಟಣಗಳ ಅನೇಕ ಮನೆಗಳಿಂದ ಮೈಸೂರು, ಬೆಂಗಳೂರಿನಲ್ಲಿರುವ ಮಕ್ಕಳ ಮೊಬೈಲ್‌ಗೆ ಒಂದು ಚಿತ್ರ ಬರುತ್ತದೆ. ಅದು ಆಸ್ತಿ ತೆರಿಗೆಯ ನೋಟಿಸಿನ ಚಿತ್ರ. ಜೊತೆಗೆ, 'ಇದು ಸರಿಯಾಗಿದೆಯೇ ನೋಡು, ತಿಂಗಳೊಳಗೆ ಕಟ್ಟಿದರೆ ರಿಯಾಯಿತಿ ಇದೆಯಂತೆ' ಎಂಬ ಒಂದು ಸಾಲು. ಹೆಚ್ಚಿನವರು ಕೊನೆಯ ಸಾಲಿನ ಮೊತ್ತವನ್ನು ಮಾತ್ರ ನೋಡಿ ಹಣ ಕಳುಹಿಸಿಬಿಡುತ್ತಾರೆ. ಕೆಲವರು ಗುಣಾಕಾರ ಮಾಡಿ ನೋಡಿ, ಲೆಕ್ಕ ತಾಳೆಯಾಯಿತೆಂದು ಸಮಾಧಾನಪಡುತ್ತಾರೆ. ಆದರೆ ಗುಣಾಕಾರ ತಾಳೆಯಾದ ಮಾತ್ರಕ್ಕೆ ನೋಟಿಸು ಸರಿ ಎಂದಾಗುವುದಿಲ್ಲ. ಏಕೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ.

ನೋಟಿಸು ಯಾರದು?

ಮೊದಲು ನೋಡಬೇಕಾದದ್ದು ನೋಟಿಸಿನ ತಲೆಬರಹವನ್ನು. ಕೊಳ್ಳೇಗಾಲದಲ್ಲಿ ನಗರಸಭೆ ಇದೆ. ಅಲ್ಲಿ ಪೌರಾಯುಕ್ತರು ಮುಖ್ಯ ಅಧಿಕಾರಿ. ಹನೂರು ಮತ್ತು ಯಳಂದೂರಿನಲ್ಲಿ ಪಟ್ಟಣ ಪಂಚಾಯಿತಿಗಳಿದ್ದು, ಮುಖ್ಯಾಧಿಕಾರಿಗಳು ಈ ಹೊಣೆ ಹೊತ್ತಿರುತ್ತಾರೆ. ಈ ಮೂರಕ್ಕೂ ಅನ್ವಯಿಸುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಪಟ್ಟಣದ ಗಡಿಯಾಚೆಗಿನ ಮನೆಗೆ ಗ್ರಾಮ ಪಂಚಾಯಿತಿ ತೆರಿಗೆ ವಿಧಿಸುತ್ತದೆ. ಅದರ ಕಾಯ್ದೆಯೂ ದರವೂ ಬೇರೆಯಾದ್ದರಿಂದ ಈ ಲೇಖನದ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ನಗರ ಸ್ಥಳೀಯ ಸಂಸ್ಥೆಗಳ ತೆರಿಗೆಗೆ ಆಧಾರ ಆಸ್ತಿಯ ಬಂಡವಾಳ ಮೌಲ್ಯ. ನಿವೇಶನದ ವಿಸ್ತೀರ್ಣವನ್ನು ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರದಿಂದ ಗುಣಿಸಬೇಕು. ಕಟ್ಟಡದ ವಿಸ್ತೀರ್ಣವನ್ನು ನಿರ್ಮಾಣ ದರದಿಂದ ಗುಣಿಸಿ, ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿಯನ್ನು ಕಳೆಯಬೇಕು. ಎರಡನ್ನೂ ಕೂಡಿಸಿ, ಆ ಮೊತ್ತದ ನಿಗದಿತ ಪಾಲನ್ನು ತೆರಿಗೆಗೆ ಒಳಪಡುವ ಮೌಲ್ಯವೆಂದು ಹಿಡಿದು, ಸ್ಥಳೀಯ ಸಂಸ್ಥೆ ತೀರ್ಮಾನಿಸಿದ ಶೇಕಡಾವಾರು ದರವನ್ನು ಅದಕ್ಕೆ ಹಾಕಲಾಗುತ್ತದೆ. ಈ ದರ ಊರಿನಿಂದ ಊರಿಗೆ ಬೇರೆ. ವಾಸದ ಮನೆಗೆ ಒಂದು, ಅಂಗಡಿಗೆ ಇನ್ನೊಂದು, ಖಾಲಿ ನಿವೇಶನಕ್ಕೆ ಮತ್ತೊಂದು. ಆದ್ದರಿಂದ ಕೊಳ್ಳೇಗಾಲದ ಬಂಧುವಿನ ನೋಟಿಸನ್ನು ಮುಂದಿಟ್ಟುಕೊಂಡು ಯಳಂದೂರಿನ ಮನೆಯ ದರ ಹೆಚ್ಚಾಯಿತೆಂದು ಹೇಳಲಾಗದು.

ತೆರಿಗೆಯ ಮೇಲೆ ಕರಗಳು ಸೇರುತ್ತವೆ. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಒಟ್ಟು ಶೇ 24. ಇವನ್ನು ಲೆಕ್ಕ ಹಾಕುವುದು ತೆರಿಗೆಯ ಮೇಲೆಯೇ ಹೊರತು ಆಸ್ತಿಯ ಮೌಲ್ಯದ ಮೇಲಲ್ಲ. ಘನತ್ಯಾಜ್ಯ ನಿರ್ವಹಣಾ ಶುಲ್ಕ ಪ್ರತ್ಯೇಕ ಸಾಲಿನಲ್ಲಿರುತ್ತದೆ.

ಒಂದು ಚಿತ್ರ, ಒಂದು ಮಸುಕು

ಈಗ ಉದಾಹರಣೆಗೆ ಬರೋಣ. ಇಲ್ಲಿನ ದರಗಳೆಲ್ಲ ಲೆಕ್ಕ ತೋರಿಸುವುದಕ್ಕಾಗಿ ಎಣಿಸಿಕೊಂಡವು. ಮೂರೂ ಪಟ್ಟಣಗಳ ಯಾವುದೇ ಬಡಾವಣೆಯ ನಿಜ ದರವಲ್ಲ. ಮನೆ 30 x 40 ಅಡಿ ನಿವೇಶನದಲ್ಲಿದೆ. ಚಿತ್ರದಲ್ಲಿ ಸ್ಪಷ್ಟವಾಗಿ ಓದಬಹುದಾದ ಸಾಲುಗಳು ಇಂತಿವೆ:

- ನಿವೇಶನದ ವಿಸ್ತೀರ್ಣ: 1,200 ಚದರ ಅಡಿ; ದರ 600 ರೂ.; ಮೌಲ್ಯ 7,20,000 ರೂ.
- ಕಟ್ಟಡದ ದರ: 1,000 ರೂ.; ಸವಕಳಿ ಶೇ 20; ಸವಕಳಿಯ ನಂತರದ ಮೌಲ್ಯ 9,60,000 ರೂ.
- ಒಟ್ಟು ಮೌಲ್ಯ: 16,80,000 ರೂ.; ತೆರಿಗೆಗೆ ಒಳಪಡುವ ಪಾಲು ಶೇ 25, ಅಂದರೆ 4,20,000 ರೂ.
- ತೆರಿಗೆ ಶೇ 0.5: 2,100 ರೂ.
- ಕರಗಳು ಶೇ 24: 504 ರೂ.
- ರಿಯಾಯಿತಿ ಶೇ 5: 105 ರೂ.
- ಘನತ್ಯಾಜ್ಯ ಶುಲ್ಕ: 240 ರೂ.
- ಪಾವತಿಸಬೇಕಾದ ಮೊತ್ತ: 2,739 ರೂ.

ಕಟ್ಟಡದ ವಿಸ್ತೀರ್ಣದ ಸಾಲಿನ ಮೇಲೆ ಮಾತ್ರ ದೀಪದ ಬೆಳಕು ಬಿದ್ದು ಅಂಕಿ ಅಳಿಸಿದಂತಾಗಿದೆ. ಉಳಿದ ಅಂಕಿಗಳ ಲೆಕ್ಕ ಹಾಕಿ ನೋಡಿ. 1,200ನ್ನು 600ರಿಂದ ಗುಣಿಸಿದರೆ 7,20,000. ಅದಕ್ಕೆ 9,60,000 ಕೂಡಿಸಿದರೆ 16,80,000. ಅದರ ಕಾಲು ಭಾಗ 4,20,000. ಅದರ ಶೇ 0.5 ಎಂದರೆ 2,100. ಅದರ ಶೇ 24 ಎಂದರೆ 504. ಎರಡೂ ಸೇರಿ 2,604. ಅದರಲ್ಲಿ 105 ಕಳೆದು 240 ಕೂಡಿಸಿದರೆ 2,739. ಒಂದು ರೂಪಾಯಿಯ ವ್ಯತ್ಯಾಸವೂ ಇಲ್ಲ.

ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಆದರೆ ಮಸುಕಾದ ಅಂಕಿ ಏನೆಂದು ಲೆಕ್ಕವನ್ನು ಹಿಂದಕ್ಕೆ ನಡೆಸಿ ತಿಳಿಯಬಹುದು. ಸವಕಳಿ ಶೇ 20 ಕಳೆದ ಮೇಲೆ ಉಳಿದದ್ದು 9,60,000 ರೂ. ಎಂದರೆ, ಅದು ಮೂಲ ಮೌಲ್ಯದ ಶೇ 80. ಹೀಗಾಗಿ 9,60,000ನ್ನು 0.80ರಿಂದ ಭಾಗಿಸಬೇಕು, 12,00,000 ಬರುತ್ತದೆ. ಅದನ್ನು ಚದರ ಅಡಿಗೆ 1,000 ರೂ. ದರದಿಂದ ಭಾಗಿಸಿದರೆ 1,200. ನೋಟಿಸು ಸಿದ್ಧಪಡಿಸಿದವರು ಕಟ್ಟಡದ ವಿಸ್ತೀರ್ಣವನ್ನು 1,200 ಚದರ ಅಡಿ ಎಂದು ಹಿಡಿದಿದ್ದಾರೆ.

ಇದು ನಿವೇಶನದ ಪೂರ್ಣ ವಿಸ್ತೀರ್ಣವೇ ಆಗಿದೆ. ಮುಂದೆ ಅಂಗಳ, ಹಿಂದೆ ಬಾವಿಕಟ್ಟೆ, ಪಕ್ಕದಲ್ಲಿ ಓಣಿ ಬಿಟ್ಟು ಕಟ್ಟಿದ ಒಂದೇ ಅಂತಸ್ತಿನ ಮನೆ ನಿವೇಶನದಷ್ಟೇ ವಿಸ್ತೀರ್ಣ ಹೊಂದಿರಲು ಸಾಧ್ಯವಿಲ್ಲ. ಮಂಜೂರಾದ ನಕ್ಷೆಯಲ್ಲಿ ಈ ಮನೆಯ ಕಟ್ಟಡ 800 ಚದರ ಅಡಿ ಎಂದಿದೆ ಎಂದುಕೊಳ್ಳೋಣ. ಅಂದರೆ ನಿವೇಶನದ ಅಂಕಿಯೇ ಕಟ್ಟಡದ ಸಾಲಿಗೂ ನಕಲಾಗಿದೆ. ಎರಡು ಅಂತಸ್ತಿನ ಮನೆಯಾದರೆ ಇಂತಹ ಅಂಕಿ ಸರಿಯೂ ಇರಬಹುದು. ಆದ್ದರಿಂದ ನಕ್ಷೆ ನೋಡದೆ ತೀರ್ಮಾನಕ್ಕೆ ಬರಬಾರದು.

ಸರಿಯಾದ ವಿಸ್ತೀರ್ಣ ಹಾಕಿದರೆ ಕಟ್ಟಡದ ಮೌಲ್ಯ 8,00,000. ಸವಕಳಿ ಕಳೆದು 6,40,000. ನಿವೇಶನದ ಮೌಲ್ಯ ಸೇರಿ 13,60,000, ಕಾಲು ಭಾಗ 3,40,000, ತೆರಿಗೆ 1,700, ಕರ 408, ರಿಯಾಯಿತಿ 85, ಘನತ್ಯಾಜ್ಯ ಶುಲ್ಕ 240. ಪಾವತಿಸಬೇಕಾದದ್ದು 2,263 ರೂ. ನೋಟಿಸಿನ ಮೊತ್ತಕ್ಕೂ ಇದಕ್ಕೂ 476 ರೂ. ಅಂತರ. ರಿಯಾಯಿತಿಯಿಂದ ಉಳಿಯುವುದು 105 ರೂ. ಎಂಬುದನ್ನು ನೆನೆದರೆ, ರಿಯಾಯಿತಿಯ ಆತುರದಲ್ಲಿ ಅದರ ನಾಲ್ಕು ಪಟ್ಟಿಗೂ ಹೆಚ್ಚು ಹಣ ಕೈಬಿಟ್ಟಂತಾಗುತ್ತದೆ.

ಹಿಮ್ಮುಖ ಲೆಕ್ಕದ ಮಿತಿ

ಹಿಂದಕ್ಕೆ ಲೆಕ್ಕ ಮಾಡುವ ಈ ಕ್ರಮಕ್ಕೆ ಒಂದು ಮಿತಿಯಿದೆ. ಮಸುಕಾದ ಅಂಕಿಯನ್ನು ಮೊತ್ತದಿಂದ ಪಡೆದುಕೊಂಡ ಮೇಲೆ, ಅದೇ ಅಂಕಿಯಿಂದ ಮೊತ್ತವನ್ನು ಮತ್ತೆ ಪರಿಶೀಲಿಸಿ 'ತಾಳೆಯಾಯಿತು' ಎನ್ನುವಂತಿಲ್ಲ. ಅದು ತಾಳೆಯಾಗಲೇಬೇಕು. ಕಚೇರಿಯವರು ಯಾವ ಅಂಕಿ ಬಳಸಿದರು ಎಂಬುದು ಮಾತ್ರ ಇದರಿಂದ ತಿಳಿಯುತ್ತದೆ. ಆ ಅಂಕಿ ನಿಜವೇ ಎಂಬುದನ್ನು ನೋಟಿಸಿನ ಹೊರಗಿನ ದಾಖಲೆಯೇ ಹೇಳಬೇಕು.

ಚಿತ್ರದಲ್ಲಿ ಅಂಕಿಗಳು ಮೋಸ ಮಾಡುವ ಬಗೆಯೂ ತಿಳಿದಿರಲಿ. ಇಂಗ್ಲಿಷ್ ಅಂಕಿಗಳಲ್ಲಿ 3 ಮತ್ತು 8, 1 ಮತ್ತು 7, ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಒಂದಕ್ಕೊಂದು ಕಲೆಯುತ್ತವೆ. ದಶಮಾಂಶದ ಚುಕ್ಕೆ ಕಾಗದದ ಮಡಿಕೆಯಲ್ಲಿ ಮರೆಯಾಗುತ್ತದೆ, ಆಗ 0.5 ಎಂಬುದು 05 ಎಂದು ಕಾಣುತ್ತದೆ. ನೋಟಿಸನ್ನು ಸಮತಟ್ಟಾದ ಜಾಗದಲ್ಲಿ ಹರಡಿ, ಹಗಲು ಬೆಳಕಿನಲ್ಲಿ, ನೇರವಾಗಿ ಮೇಲಿನಿಂದ, ನಾಲ್ಕೂ ಅಂಚು ಕಾಣುವಂತೆ ಮತ್ತೊಮ್ಮೆ ಚಿತ್ರ ತೆಗೆದು ಕಳುಹಿಸಲು ಮನೆಯವರಿಗೆ ಹೇಳುವುದು ಎಲ್ಲಕ್ಕಿಂತ ಸುಲಭದ ದಾರಿ. ಹಿಂಬದಿಯ ಚಿತ್ರವನ್ನೂ ಕೇಳಬೇಕು. ಆಕ್ಷೇಪಣೆಯ ಗಡುವು, ಹಿಂದಿನ ಬಾಕಿಯ ವಿವರ ಅಲ್ಲಿ ಇರಬಹುದು.

ಸೆಂಟು, ಗುಂಟೆ, ಚದರ ಮೀಟರ್

ಈ ಮೂರು ಪಟ್ಟಣಗಳಲ್ಲಿ ವಿಸ್ತೀರ್ಣದ ತಪ್ಪಿಗೆ ಇತಿಹಾಸದ ಕಾರಣವೂ ಒಂದಿದೆ. ಈಗ ಮೂರೂ ಚಾಮರಾಜನಗರ ಜಿಲ್ಲೆಯಲ್ಲಿವೆ. ಆದರೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಅದೇ ತಾಲ್ಲೂಕಿನ ಭಾಗವಾಗಿತ್ತು. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತಿದ್ದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು. ಮದ್ರಾಸ್ ಕಡೆಯ ಭೂ ದಾಖಲೆಗಳಲ್ಲಿ ಎಕರೆಯನ್ನು ನೂರು ಸೆಂಟುಗಳಾಗಿ ಭಾಗಿಸುವುದು ರೂಢಿ. ಮೈಸೂರು ಕಡೆ ನಲವತ್ತು ಗುಂಟೆಗಳಾಗಿ.

ಒಂದು ಸೆಂಟು ಎಂದರೆ 435.6 ಚದರ ಅಡಿ. ಒಂದು ಗುಂಟೆ ಎಂದರೆ 1,089 ಚದರ ಅಡಿ. ಒಂದು ಗುಂಟೆಗೆ ಎರಡೂವರೆ ಸೆಂಟು. ಅಜ್ಜನ ಕಾಲದ ಕ್ರಯಪತ್ರದಲ್ಲಿ 3 ಸೆಂಟು ಎಂದಿದ್ದರೆ ಅದು 1,306.8 ಚದರ ಅಡಿ. ಅದನ್ನೇ ಗುಂಟೆ ಎಂದು ಓದಿ ದಾಖಲಿಸಿದರೆ 3,267 ಚದರ ಅಡಿಯಾಗುತ್ತದೆ. ನೋಟಿಸಿನ ವಿಸ್ತೀರ್ಣವನ್ನು ನೀವು ಬಲ್ಲ ವಿಸ್ತೀರ್ಣದಿಂದ ಭಾಗಿಸಿದಾಗ 2.5 ಬಂದರೆ ಈ ತಪ್ಪನ್ನು ಶಂಕಿಸಬೇಕು.

ಎರಡನೆಯ ಗೊಂದಲ ಅಡಿ ಮತ್ತು ಮೀಟರಿನದು. ಒಂದು ಚದರ ಮೀಟರ್‌ಗೆ 10.76 ಚದರ ಅಡಿ. 1,200 ಚದರ ಅಡಿಯ ನಿವೇಶನ 111.48 ಚದರ ಮೀಟರ್ ಆಗುತ್ತದೆ. ವಿಸ್ತೀರ್ಣ ಮೀಟರಿನಲ್ಲಿದ್ದರೆ ದರವೂ ಮೀಟರಿನದೇ ಆಗಿರಬೇಕು. ಅಡಿಗೆ 600 ರೂ. ಎಂಬುದು ಮೀಟರಿಗೆ ಸುಮಾರು 6,458 ರೂ. ವಿಸ್ತೀರ್ಣ ಅಡಿಯಲ್ಲಿದ್ದು ದರ ಮೀಟರಿನದಾದರೆ ಮೌಲ್ಯ ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಇದು ತಿರುಗುಮುರುಗಾದರೆ ತೆರಿಗೆ ಹತ್ತನೇ ಒಂದು ಭಾಗಕ್ಕೂ ಕೆಳಗಿಳಿಯುತ್ತದೆ. ಹಾಗೆ ಇಳಿದದ್ದನ್ನು ಕಂಡು ಸಂತೋಷಪಟ್ಟು ಸುಮ್ಮನಿರುವುದು ಜಾಣತನವಲ್ಲ. ಮುಂದೊಂದು ದಿನ ತಪ್ಪು ಬೆಳಕಿಗೆ ಬಂದಾಗ ಹಿಂದಿನ ವರ್ಷಗಳ ವ್ಯತ್ಯಾಸವನ್ನು ಒಟ್ಟಿಗೆ ಕೇಳಬಹುದು.

ದರ ಏರಿದ್ದು ಎಲ್ಲಿಂದ?

'ಕಳೆದ ವರ್ಷಕ್ಕಿಂತ ಹೆಚ್ಚು ಬಂದಿದೆ' ಎಂಬ ದೂರು ಸಾಮಾನ್ಯ. ಹಿಂದೆ 2005-06ರ ಮಾರ್ಗಸೂಚಿ ದರವನ್ನೇ ಆಧಾರವಾಗಿಟ್ಟು, ಮೂರು ವರ್ಷಕ್ಕೊಮ್ಮೆ ಶೇ 15ರಷ್ಟು ಏರಿಸುವ ಪದ್ಧತಿಯಿತ್ತು. 2021ರ ತಿದ್ದುಪಡಿಯ ನಂತರ ಚಾಲ್ತಿಯಲ್ಲಿರುವ ಮಾರ್ಗಸೂಚಿ ದರವೇ ಆಧಾರವಾಗಿದ್ದು, ವರ್ಷಕ್ಕೆ ಶೇ 3ರಿಂದ 5ರ ವ್ಯಾಪ್ತಿಯಲ್ಲಿ ಏರಿಕೆಗೆ ಅವಕಾಶ ಕಲ್ಪಿಸಲಾಯಿತು. ರಾಜ್ಯದ ಮಾರ್ಗಸೂಚಿ ದರಗಳು 2023ರ ಅಕ್ಟೋಬರ್ 1ರಿಂದ ಪರಿಷ್ಕೃತಗೊಂಡವು.

ಈ ವರ್ಷದ ತೆರಿಗೆಯನ್ನು ಕಳೆದ ವರ್ಷದ ತೆರಿಗೆಯಿಂದ ಭಾಗಿಸಿ ನೋಡಿ. ಕರ, ಬಾಕಿ, ಶುಲ್ಕಗಳನ್ನು ಬಿಟ್ಟು ತೆರಿಗೆಯನ್ನು ಮಾತ್ರ ತೆಗೆದುಕೊಳ್ಳಬೇಕು. 1.03ರಿಂದ 1.05ರೊಳಗೆ ಬಂದರೆ ಅದು ವಾರ್ಷಿಕ ಏರಿಕೆ. ಅದಕ್ಕಿಂತ ಹೆಚ್ಚಾದರೆ ಮೊದಲು ಮಾರ್ಗಸೂಚಿ ದರದ ಸಾಲನ್ನು, ನಂತರ ವಿಸ್ತೀರ್ಣವನ್ನು, ಕೊನೆಗೆ ಬಳಕೆಯ ವರ್ಗವನ್ನು ಎರಡೂ ವರ್ಷದ ಕಾಗದಗಳಲ್ಲಿ ಹೋಲಿಸಬೇಕು. ಬದಲಾದ ಸಾಲು ಯಾವುದೆಂದು ಆಗಲೇ ಗೊತ್ತಾಗುತ್ತದೆ. ಬೀದಿ ಬದಿಯ ಕೋಣೆಯನ್ನು ಅಂಗಡಿಗೆ ಬಾಡಿಗೆ ಕೊಟ್ಟ ಮನೆಗಳಲ್ಲಿ ಇಡೀ ಕಟ್ಟಡಕ್ಕೆ ವಾಣಿಜ್ಯ ದರ ಬಿದ್ದಿದೆಯೇ ಎಂಬುದನ್ನು ವಿಶೇಷವಾಗಿ ನೋಡಬೇಕು.

ರಿಯಾಯಿತಿಯ ಅಂಕಿ ಏನು ಹೇಳುತ್ತದೆ?

ಆರ್ಥಿಕ ವರ್ಷದ ಮೊದಲ ತಿಂಗಳಾದ ಏಪ್ರಿಲ್‌ನಲ್ಲಿ ಪೂರ್ಣ ತೆರಿಗೆ ಪಾವತಿಸಿದವರಿಗೆ ಶೇ 5ರ ರಿಯಾಯಿತಿ. ಮೇ ಮತ್ತು ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ 2ರಂತೆ ದಂಡ ಸೇರುತ್ತದೆ. ಕೆಲವು ವರ್ಷಗಳಲ್ಲಿ ಸರ್ಕಾರ ರಿಯಾಯಿತಿಯ ಅವಧಿಯನ್ನು ಮುಂದೂಡಿದ್ದುಂಟು; ಅಂತಹ ಆದೇಶವಿದ್ದರೆ ಕಚೇರಿಯ ಸೂಚನಾ ಫಲಕದಲ್ಲಿ ತಿಳಿಯುತ್ತದೆ.

ರಿಯಾಯಿತಿಯನ್ನು ಯಾವ ಮೊತ್ತದ ಮೇಲೆ ಕೊಟ್ಟಿದ್ದಾರೆ ಎಂಬುದನ್ನು ಆ ಅಂಕಿಯೇ ಹೇಳುತ್ತದೆ. ಅದನ್ನು 0.05ರಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ 105ನ್ನು ಭಾಗಿಸಿದರೆ 2,100 ಬರುತ್ತದೆ. ಅಂದರೆ ತೆರಿಗೆಯ ಮೇಲೆ ಮಾತ್ರ ರಿಯಾಯಿತಿ ಲೆಕ್ಕವಾಗಿದೆ, ಕರಗಳ ಮೇಲಿಲ್ಲ. ರಿಯಾಯಿತಿ 130 ರೂ. 20 ಪೈಸೆ ಎಂದಿದ್ದರೆ ಆಧಾರ 2,604 ಆಗುತ್ತಿತ್ತು, ಅಂದರೆ ಕರಗಳೂ ಸೇರಿದಂತೆ. ಉತ್ತರ ಈ ಎರಡರಲ್ಲಿ ಯಾವುದಕ್ಕೂ ಹೊಂದದಿದ್ದರೆ ಎಲ್ಲೋ ತಪ್ಪಿದೆ. ಹಿಂದಿನ ವರ್ಷಗಳ ಬಾಕಿಗೆ ರಿಯಾಯಿತಿ ಸಿಗುವುದಿಲ್ಲ. ಆದ್ದರಿಂದ ಬಾಕಿಯಿರುವ ನೋಟಿಸಿನಲ್ಲಿ ಕೊನೆಯ ಮೊತ್ತದ ಶೇ 5 ತೆಗೆದು ಹೋಲಿಸುವುದು ಸರಿಯಲ್ಲ.

ರಿಯಾಯಿತಿಯನ್ನು ಒಂದು ಸಾಲಿನಲ್ಲಿ ತೋರಿಸಿ ಕೊನೆಯ ಮೊತ್ತದಲ್ಲಿ ಕಳೆಯದೆ ಬಿಟ್ಟಿರುವುದೂ ಉಂಟು. ಹಾಗಾಗಿದ್ದರೆ ನಮ್ಮ ಉದಾಹರಣೆಯ ಮೊತ್ತ 2,739ರ ಬದಲು 2,844 ಆಗಿರುತ್ತಿತ್ತು. ಒಂದೆರಡು ರೂಪಾಯಿಯ ವ್ಯತ್ಯಾಸವಾದರೆ ಅದು ಪೈಸೆಗಳನ್ನು ಪೂರ್ಣಾಂಕ ಮಾಡಿದ್ದರಿಂದ ಬಂದದ್ದು. ಅದಕ್ಕಾಗಿ ಕಚೇರಿಗೆ ಅಲೆಯಬೇಕಾಗಿಲ್ಲ.

ತಪ್ಪು ಕಂಡರೆ

ಲೆಕ್ಕದ ತಪ್ಪಾದರೆ ನೋಟಿಸೇ ಸಾಕ್ಷಿ. ಕಂದಾಯ ವಿಭಾಗದಲ್ಲಿ ತೋರಿಸಿದರೆ ಸಾಕು. ವಿಸ್ತೀರ್ಣದ ತಪ್ಪಾದರೆ ಕ್ರಯಪತ್ರ, ಮಂಜೂರಾದ ನಕ್ಷೆ, ಇ-ಆಸ್ತಿ ತಂತ್ರಾಂಶದಲ್ಲಿ ನೀಡಿದ ನಮೂನೆ-3 ಇವುಗಳ ಪ್ರತಿ ಬೇಕು. ಮಾರ್ಗಸೂಚಿ ದರವನ್ನು ಉಪನೋಂದಣಿ ಕಚೇರಿಯಲ್ಲಿ ಅಥವಾ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೋಡಬಹುದು. ತೆರಿಗೆಯ ಶೇಕಡಾವಾರು ದರಕ್ಕೆ ಸ್ಥಳೀಯ ಸಂಸ್ಥೆಯ ನಿರ್ಣಯವೇ ಆಧಾರ. ಅದರ ಪ್ರತಿ ದೊರೆಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂ. ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು; 30 ದಿನಗಳಲ್ಲಿ ಉತ್ತರ ಕೊಡಬೇಕು.

ಹಳೆಯ ಮನೆಗಳ ವಿಷಯದಲ್ಲಿ ಇನ್ನೊಂದು ಸಂಗತಿ ಗಮನಾರ್ಹ. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ 2002-03ರಿಂದ ಸ್ವಯಂ ಘೋಷಣೆಯ ಪದ್ಧತಿ ಜಾರಿಗೆ ಬಂತು. ಮಾಲೀಕರೇ ವಿಸ್ತೀರ್ಣ ನಮೂದಿಸಿ ತೆರಿಗೆ ಕಟ್ಟುವ ಪದ್ಧತಿ ಇದು. ಹೀಗಾಗಿ ಕಟ್ಟಡದ ಸಾಲಿನಲ್ಲಿ ನಿವೇಶನದ ಅಳತೆ ಬರೆದವರು ಕಚೇರಿಯವರೇ ಆಗಿರಬೇಕೆಂದಿಲ್ಲ. ಎಷ್ಟೋ ವರ್ಷಗಳ ಹಿಂದೆ ಮನೆಯ ಹಿರಿಯರೇ ಬರೆದಿರಬಹುದು. ಜಗಳಕ್ಕೆ ಹೋಗುವ ಮುನ್ನ ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಘೋಷಣಾ ಪತ್ರದ ಪ್ರತಿಯನ್ನು ತೆಗೆದು ನೋಡುವುದು ಲೇಸು.

ಆಕ್ಷೇಪಣೆ ಲಿಖಿತವಾಗಿರಲಿ. ಕೊಳ್ಳೇಗಾಲದವರು ಪೌರಾಯುಕ್ತರಿಗೆ, ಹನೂರು ಮತ್ತು ಯಳಂದೂರಿನವರು ಮುಖ್ಯಾಧಿಕಾರಿಗೆ ಬರೆಯಬೇಕು. ಆಸ್ತಿ ಸಂಖ್ಯೆ, ನೋಟಿಸಿನ ದಿನಾಂಕ, ನೋಟಿಸಿನಲ್ಲಿರುವ ಅಂಕಿ, ದಾಖಲೆಯಲ್ಲಿರುವ ಅಂಕಿ ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದರೆ ಸಾಕು. ನಕಲು ಪ್ರತಿಯ ಮೇಲೆ ಕಚೇರಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳುವುದನ್ನು ಮರೆಯಬಾರದು.

ನಮ್ಮ ಉದಾಹರಣೆಯ 476 ರೂ. ಒಂದು ವರ್ಷಕ್ಕೆ ಸಣ್ಣ ಮೊತ್ತ. ಆದರೆ ತಿದ್ದದ ಅಂಕಿ ಪುಸ್ತಕದಲ್ಲಿಯೇ ಉಳಿದು ಪ್ರತಿ ವರ್ಷದ ಏರಿಕೆಯೊಂದಿಗೆ ಬೆಳೆಯುತ್ತದೆ. 2024ರಿಂದ ನಗರ ಪ್ರದೇಶದ ಆಸ್ತಿ ನೋಂದಣಿಗೆ ಇ-ಖಾತಾ ಕೇಳಲಾಗುತ್ತಿದ್ದು, ಅದರಲ್ಲಿನ ವಿಸ್ತೀರ್ಣ ಕ್ರಯಪತ್ರಕ್ಕೆ ಹೊಂದದಿದ್ದರೆ ಮಾರಾಟ, ವಿಭಾಗ, ಬ್ಯಾಂಕ್ ಸಾಲದ ಸಮಯದಲ್ಲಿ ತೊಡಕಾಗುತ್ತದೆ. ಆ ಹೊತ್ತಿಗೆ ಅಳತೆ ತಿಳಿದ ಹಿರಿಯರು ಮನೆಯಲ್ಲಿ ಇಲ್ಲದಿರಬಹುದು. ಊರಿನಿಂದ ಬಂದ ಚಿತ್ರದಲ್ಲಿ ಕೊನೆಯ ಸಾಲಿಗಿಂತ ಮೊದಲು ವಿಸ್ತೀರ್ಣದ ಸಾಲನ್ನು ನೋಡಬೇಕಾದದ್ದು ಇದಕ್ಕಾಗಿ.